ಮುರುಕಲು ಗೋಡೆಯಲ್ಲ, ಮುಗಿಯದ ಮನೆ

ಸಾಮಾನ್ಯವಾಗಿ ಸಂಗೀತ ನಿರ್ದೇಶಕರು ದೃಶ್ಯ ನೋಡಿ ಹಿನ್ನೆಲೆ ಸಂಗೀತ ಬರೆಯುತ್ತಾರೆ. ಚೆನ್ನೈನ ಕಥೆ ಹೇಳುವ ‘ವೀಡು’ (1988) ಚಿತ್ರದಲ್ಲಿ ನಡೆದದ್ದು ಬೇರೆ.

ಕನ್ನಡದ ‘ಕೋಕಿಲ’ದಿಂದ ನಿರ್ದೇಶಕರಾದ ಬಾಲು ಮಹೇಂದ್ರ, ಇಳಯರಾಜಾ 1986ರಲ್ಲೇ ಹೊರತಂದಿದ್ದ ‘ಹೌ ಟು ನೇಮ್ ಇಟ್?’ ಆಲ್ಬಂನ ವಾದ್ಯಸಂಗೀತವನ್ನು ಇದಕ್ಕೆ ಬಳಸಿದರು. ಹಾಡು ಒಂದೂ ಇಲ್ಲ.

ಚಿತ್ರದ ಒಂದು ದೃಶ್ಯದಲ್ಲಿ ಅರ್ಧ ಕಟ್ಟಿದ ಮನೆ ನೋಡಲು ವೃದ್ಧ ತಾತ ಒಬ್ಬರೇ ಬರುತ್ತಾರೆ. ಗೋಡೆ ಸವರುತ್ತಾರೆ. ಮಾತಿಲ್ಲ. ಅಲ್ಲಿ ವಯೊಲಿನ್ ಏಳುತ್ತದೆ. ಕಮಾನು ತಂತಿಯ ಮೇಲೆ ಚಲಿಸುವಷ್ಟು ಹೊತ್ತೂ ಸ್ವರ ಕಡಿಯದೆ ಎಳೆಯಬಹುದು. ಮನುಷ್ಯ ಕಂಠಕ್ಕೆ ಹತ್ತಿರದ ಈ ದನಿ ತಾತನ ಮಾತಿನ ಜಾಗ ತುಂಬುತ್ತದೆ.

ಮೊದಲೇ ಸಂಗೀತ ಸುರಿದಿದ್ದರೆ ಈ ಎಳೆತ ಕೇಳಿಸುತ್ತಲೇ ಇರಲಿಲ್ಲ. ಒಮ್ಮೆ ಧ್ವನಿ ನಿಲ್ಲಿಸಿ ಈ ದೃಶ್ಯ ನೋಡಿ, ಆಮೇಲೆ ಧ್ವನಿಯೊಂದಿಗೆ ನೋಡಿ.