ಗೋಳದ ಮೇಲೆ ಕಳೆದುಹೋದ ಕಾಲು ಗಂಟೆ

ನಮ್ಮ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಪ್ಪ ದುಬೈಯಲ್ಲಿ ದುಡಿಯುತ್ತಾರೆ. ಅವರ ಕೆಲಸ ಮುಗಿಯುವುದು ರಾತ್ರಿ ಎಂಟಕ್ಕೆ. ಫೋನ್ ಬರುವಾಗ ಕಾರವಾರದ ಗಡಿಯಾರದಲ್ಲಿ ಒಂಬತ್ತೂವರೆ. "ಅಕ್ಕೋರೇ, ಅಪ್ಪನ ಎಂಟು ಗಂಟೆ ನಮ್ಮ ಎಂಟು ಗಂಟೆ ಯಾಕಲ್ಲ?" ಎಂದು ಅವಳು ಕೇಳಿದ್ದಳು. ಆ ವಾರ ಹೇಗೂ ರೇಖಾಂಶದ ಪಾಠ ಇತ್ತು. ಕಾಲವಲಯದ ಬಗ್ಗೆ ಪುಸ್ತಕದಲ್ಲಿದ್ದುದನ್ನು ಓದಿಸುವ ಬದಲು ಗೋಳವನ್ನೂ ಟಾರ್ಚನ್ನೂ ಹೊರಗೆ ತೆಗೆದೆ.

ಇದೇ ಎರಡು ಸಾಮಾನಿನಿಂದ ಉಷ್ಣವಲಯ, ಶೀತವಲಯಗಳ ಪಾಠವನ್ನೂ ಮಾಡಬಹುದು. ಆದರೆ ಎರಡನ್ನೂ ಒಂದೇ ದಿನ ಮಾಡಬೇಡಿ. ಒಂದು ವರ್ಷ ಹಾಗೆ ಮಾಡಿ ಮಕ್ಕಳ ತಲೆಯಲ್ಲಿ ಚಳಿಗಾಲವೂ ಮಧ್ಯರಾತ್ರಿಯೂ ಕಲಸಿಹೋಗಿದ್ದವು.

ಮೊದಲು ಕೋಣೆ ಕತ್ತಲೆಯಾಗಬೇಕು. ಕಿಟಕಿಗೆ ಕಂಬಳಿ ಕಟ್ಟಿದರೂ ಸಾಕು. ಗೋಳ ಹನ್ನೆರಡು ಇಂಚಿನದಾದರೆ ಒಳ್ಳೆಯದು, ಯಾಕೆಂದು ಆಮೇಲೆ ಹೇಳುತ್ತೇನೆ. ಟಾರ್ಚನ್ನು ಮಕ್ಕಳ ಕೈಗೆ ಕೊಡಬೇಡಿ. ಕೊಟ್ಟರೆ ಯಾರಾದರೊಬ್ಬರು ಅದನ್ನು ಹಿಡಿದು ಗೋಳದ ಸುತ್ತ ನಡೆದೇ ನಡೆಯುತ್ತಾರೆ, ಸೂರ್ಯ ಭೂಮಿಯನ್ನು ಸುತ್ತಲು ಶುರುಮಾಡುತ್ತಾನೆ. ಒಂದು ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಗೋಳದ ನಡುಮಟ್ಟಕ್ಕೆ ಸರಿಯಾಗಿ ಟಾರ್ಚನ್ನು ಮಲಗಿಸಿಬಿಡಿ. ಅಲ್ಲಿಂದ ಅದು ಅಲುಗಬಾರದು.

ಟಾರ್ಚಿಗೂ ಗೋಳಕ್ಕೂ ಆರು ಅಡಿ ಅಂತರವಿರಲಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಬೆಳಕು ಚೆನ್ನಾಗಿ ಬೀಳಲಿ ಎಂದು ಟಾರ್ಚನ್ನು ಹತ್ತಿರ ತರುತ್ತಾರೆ. ಗೋಳದ ನಡುವಿನಿಂದ ಒಂದೇ ಅಡಿ ದೂರದಲ್ಲಿಟ್ಟರೆ ಅರ್ಧ ಗೋಳ ಬೆಳಗುವುದಿಲ್ಲ. ಆ ಪುಟ್ಟ ಭೂಮಿಯಲ್ಲಿ ಹಗಲು ಎಂಟೇ ಗಂಟೆ, ರಾತ್ರಿ ಹದಿನಾರು ಗಂಟೆ ಆಗಿಬಿಡುತ್ತದೆ. ಆರು ಅಡಿಯಲ್ಲಿ ಹಗಲು ಹನ್ನೆರಡು ಗಂಟೆಗೆ ಸುಮಾರಾಗಿ ಬರುತ್ತದೆ. ಬೆಳಕು ಒಂದೇ ಬಿಂದುವಿಗೆ ಬೀಳುವ ಟಾರ್ಚಾದರೆ ಅದರ ಬದಲು ಮೊಬೈಲಿನ ಬೆಳಕನ್ನೇ ಬಳಸಿ.

ಇನ್ನು ಗೋಳದ ಓರೆ. ಗೋಳ ಸ್ಟ್ಯಾಂಡಿನಲ್ಲಿ ವಾಲಿಕೊಂಡೇ ಕೂತಿರುತ್ತದೆಯಲ್ಲ. ಆ ವಾಲು ಟಾರ್ಚಿನ ಕಡೆಗೂ ಇರಬಾರದು, ಅದಕ್ಕೆ ಬೆನ್ನು ಹಾಕಿಯೂ ಇರಬಾರದು. ಟಾರ್ಚಿನ ಹತ್ತಿರ ನಿಂತು ನೋಡಿದರೆ ಎಡಕ್ಕೋ ಬಲಕ್ಕೋ ವಾಲಿರಬೇಕು. ಹಾಗಿಟ್ಟಾಗ ಬೆಳಕು ಕತ್ತಲೆಯ ಗಡಿ ಎರಡೂ ಧ್ರುವಗಳ ಮೇಲೆ ಹಾದು, ರೇಖಾಂಶದ ಗೆರೆಗಳ ಜೊತೆ ಕೂಡಿಕೊಳ್ಳುತ್ತದೆ. ಇದು ಹಗಲು ರಾತ್ರಿ ಸಮನಾಗಿರುವ ದಿನದ ಚಿತ್ರ. ನಮ್ಮ ಇವತ್ತಿನ ಲೆಕ್ಕಕ್ಕೆ ಅದೇ ಬೇಕು.

ಕಾರವಾರದ ಮೇಲೆ ಕಡ್ಲೆಯಷ್ಟು ಚಪಾತಿ ಹಿಟ್ಟು ಅಂಟಿಸಿ, ಅದರಲ್ಲಿ ಅರ್ಧ ಬೆಂಕಿಕಡ್ಡಿ ನಿಲ್ಲಿಸಿದೆವು. ಇನ್ನೊಂದನ್ನು ದುಬೈ ಮೇಲೆ. ಗೋಳವನ್ನು ಪಶ್ಚಿಮದಿಂದ ಪೂರ್ವಕ್ಕೆ ನಿಧಾನ ತಿರುಗಿಸಿದೆವು. ದಿಕ್ಕು ಸರಿಯಿದೆಯೇ ಎಂದು ತಿಳಿಯಲು ಜಪಾನನ್ನು ನೋಡಿದರೆ ಸಾಕು. ಜಪಾನಿಗೆ ಮೊದಲು ಬೆಳಗಾಗಿ, ಆಮೇಲೆ ನಮಗೆ, ಆಮೇಲೆ ಲಂಡನ್ನಿಗೆ ಆಗಬೇಕು. ಲಂಡನ್ನಿಗೆ ಮೊದಲು ಆದರೆ ನೀವು ತಿರುಗಿಸುತ್ತಿರುವುದು ತಿರುಗುಮುರುಗು.

ಕಡ್ಡಿ ಕತ್ತಲಿನಿಂದ ಬೆಳಕಿಗೆ ಬಂದಾಗ ಅದರ ನೆರಳು ಉದ್ದಕ್ಕೆ ಪಶ್ಚಿಮಕ್ಕೆ ಬಿದ್ದಿತ್ತು. ತಿರುಗಿಸುತ್ತ ಹೋದಂತೆ ಗಿಡ್ಡವಾಯಿತು. ಒಂದು ಗಳಿಗೆಗೆ ನೆರಳು ರೇಖಾಂಶದ ದಿಕ್ಕಿನಲ್ಲೇ, ನೇರ ಉತ್ತರಕ್ಕೆ, ಮಲಗಿತು. ಅದೇ ಕಾರವಾರದ ನಡುಮಧ್ಯಾಹ್ನ. ಆಗ ದುಬೈ ಕಡ್ಡಿಯ ನೆರಳು ಇನ್ನೂ ಪಶ್ಚಿಮಕ್ಕೆ ಓರೆಯಾಗಿತ್ತು. "ಅಪ್ಪನಿಗೆ ಇನ್ನೂ ಮಧ್ಯಾಹ್ನ ಆಗಿಲ್ಲ" ಎಂದಳು ಹುಡುಗಿ. ಹೌದು. ಎಷ್ಟು ತಡ?

ಹನ್ನೆರಡು ಇಂಚಿನ ಗೋಳ ಬೇಕೆಂದದ್ದು ಇದಕ್ಕೇ. ಅದರ ಸಮಭಾಜಕ ವೃತ್ತದ ಸುತ್ತಳತೆ ಸುಮಾರು 96 ಸೆಂ.ಮೀ. ಭೂಮಿ ಒಂದು ಸುತ್ತು ತಿರುಗಲು 24 ಗಂಟೆ. ಹಾಗಾದರೆ ಒಂದು ಗಂಟೆಗೆ 4 ಸೆಂ.ಮೀ., ಒಂದು ಸೆಂ.ಮೀ.ಗೆ ಕಾಲು ಗಂಟೆ. ಮಕ್ಕಳಿಗೆ ಡಿಗ್ರಿಗಿಂತ ಸ್ಕೇಲು ಬೇಗ ಹತ್ತುತ್ತದೆ. ಅಳೆಯುವಾಗ ಒಂದು ಎಚ್ಚರ ಬೇಕು. ಊರಿಂದ ಊರಿಗೆ ನೇರ ಅಳೆಯುವಂತಿಲ್ಲ, ಉತ್ತರಕ್ಕೆ ಹೋದಂತೆ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಎರಡೂ ಊರುಗಳಿಂದ ರೇಖಾಂಶದ ಗುಂಟ ದಾರ ಇಳಿಸಿ, ಆ ದಾರಗಳು ಸಮಭಾಜಕವನ್ನು ಮುಟ್ಟುವಲ್ಲಿ ಅಂತರ ನೋಡಬೇಕು.

ಹುಡುಗಿಯೇ ಅಳೆದಳು. 5 ಸೆಂ.ಮೀ. ಅಂದರೆ ಒಂದೂಕಾಲು ಗಂಟೆ.

ತರಗತಿ ಗಪ್‌ಚಿಪ್ಪಾಯಿತು. ಫೋನು ಹೇಳುವುದು ಒಂದೂವರೆ ಗಂಟೆ. ಕಾಲು ಗಂಟೆ ಎಲ್ಲಿ ಹೋಯಿತು? ಅವಳು ಇನ್ನೊಮ್ಮೆ ಅಳೆದಳು, ಮತ್ತೊಬ್ಬ ಹುಡುಗ ಅಳೆದ. ಐದೇ. ನಾನು ನಕಾಶೆಯ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆ: ಕಾರವಾರ ಪೂರ್ವ ರೇಖಾಂಶ 74.1, ದುಬೈ 55.3. ವ್ಯತ್ಯಾಸ 18.8 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 75 ನಿಮಿಷ. ಗೋಳ ತಪ್ಪು ಹೇಳಿಲ್ಲ.

ಟಾರ್ಚಿನ ಪಾಠವನ್ನು ಬಹಳ ಕಡೆ ಇಲ್ಲಿಗೇ ನಿಲ್ಲಿಸುತ್ತಾರೆ. "ಭೂಮಿ ತಿರುಗುತ್ತದೆ, ಆದ್ದರಿಂದ ಕಾಲವಲಯಗಳಿವೆ" ಎಂದು ಬರೆಸಿ ಮುಗಿಸುತ್ತಾರೆ. ಆದರೆ ಟಾರ್ಚಿನ ಬೆಳಕಿನಲ್ಲಿ ಯಾವ ವಲಯವೂ ಕಾಣಿಸುವುದಿಲ್ಲ! ನೆರಳು ಮೆಟ್ಟಿಲು ಮೆಟ್ಟಿಲಾಗಿ ಬದಲಾಗಲಿಲ್ಲ, ನುಣ್ಣಗೆ ಜಾರಿಕೊಂಡು ಹೋಯಿತು. ಬೆಳಕನ್ನು ಕೇಳಿದರೆ ಪ್ರತಿ ಊರಿಗೂ ಅದರದೇ ಹೊತ್ತು. ಕಾರವಾರಕ್ಕಿಂತ ಕೋಲಾರ ನಾಲ್ಕು ಡಿಗ್ರಿ ಪೂರ್ವಕ್ಕಿದೆ, ಅಲ್ಲಿ ಮಧ್ಯಾಹ್ನ ನಮಗಿಂತ ಹದಿನಾರು ನಿಮಿಷ ಮೊದಲು. ಹಾಗೆಂದು ಎರಡೂ ಊರಿನವರು ಬೇರೆ ಬೇರೆ ಗಡಿಯಾರ ಇಟ್ಟುಕೊಂಡರೆ?

ಇಟ್ಟುಕೊಂಡಿದ್ದರು ಕೂಡ. ರೈಲು ಬರುವವರೆಗೆ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಮುಂಬಯಿಯ ಗಡಿಯಾರಕ್ಕೂ ಮದರಾಸಿನದಕ್ಕೂ ಅರ್ಧ ಗಂಟೆ ವ್ಯತ್ಯಾಸ, ಕಲ್ಕತ್ತೆಯದು ಮದರಾಸಿಗಿಂತ ಇನ್ನೂ ಅರ್ಧ ಗಂಟೆ ಮುಂದೆ. ರೈಲುಗಳು ಮದರಾಸಿನ ಹೊತ್ತಿನಂತೆ ಓಡುತ್ತಿದ್ದವು. ಮುಂಬಯಿಯವನು ಊರ ಗಡಿಯಾರ ನಂಬಿ ನಿಲ್ದಾಣಕ್ಕೆ ಹೋದರೆ ರೈಲು ಹೊರಟು ಅರ್ಧ ಗಂಟೆ ಆಗಿರುತ್ತಿತ್ತು. ಕೊನೆಗೆ 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದು ಪ್ರಮಾಣ ಸಮಯ ಬಂತು. ಅದಕ್ಕೆ ಆರಿಸಿದ್ದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿಯ ಗೆರೆ. ಆಮೇಲೂ ಮುಂಬಯಿ ನಗರ ತನ್ನ ಹಳೆಯ ಸಮಯವನ್ನು 1955ರವರೆಗೆ ಬಿಟ್ಟಿರಲಿಲ್ಲ ಎಂದಾಗ ಮಕ್ಕಳು ನಕ್ಕರು.

ಈಗ ಮತ್ತೆ ಗೋಳಕ್ಕೆ ಬಂದೆವು. ಕೆಂಪು ದಾರ ತೆಗೆದುಕೊಂಡು ಭಾರತದ ಗಡಿಯಾರದ ಗೆರೆಯನ್ನು ಗುರುತು ಮಾಡಿದೆವು. 82.5ರ ಗೆರೆ ಗೋಳದ ಮೇಲೆ ಬರೆದಿರುವುದಿಲ್ಲ, 75 ಮತ್ತು 90ರ ನಟ್ಟನಡುವೆ ಹಿಡಿಯಬೇಕು. ದುಬೈಯ ಗಡಿಯಾರ ಗ್ರೀನ್‌ವಿಚ್‌ಗಿಂತ ನಾಲ್ಕು ಗಂಟೆ ಮುಂದೆ, ಆದ್ದರಿಂದ ಅದರ ಗೆರೆ 60 ಡಿಗ್ರಿ. ಅಲ್ಲೊಂದು ಕೆಂಪು ದಾರ. ಈ ಎರಡು ಕೆಂಪು ದಾರಗಳ ನಡುವೆ ಸ್ಕೇಲು ಇಟ್ಟಳು ಹುಡುಗಿ.

"ಆರು!"

ಆರು ಸೆಂ.ಮೀ., ಒಂದೂವರೆ ಗಂಟೆ. ಕಳೆದ ಕಾಲು ಗಂಟೆ ಸಿಕ್ಕಿತು. ಊರುಗಳ ನಡುವೆ ಐದು, ಗಡಿಯಾರಗಳ ನಡುವೆ ಆರು. ಕಾರವಾರ ತನ್ನ ಕೆಂಪು ದಾರಕ್ಕಿಂತ ಎರಡು ಸೆಂ.ಮೀ.ಗೂ ಕೊಂಚ ಹೆಚ್ಚು ಪಶ್ಚಿಮಕ್ಕಿದೆ, ಅಂದರೆ ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಸುಮಾರು 33 ನಿಮಿಷ ಮುಂದೆ. ದುಬೈಯದೂ ಮುಂದೆಯೇ, ಆದರೆ 19 ನಿಮಿಷ ಮಾತ್ರ. ಇವೆರಡರ ವ್ಯತ್ಯಾಸವೇ ಆ ಕಾಲು ಗಂಟೆ. ಅದು ಆಕಾಶದಲ್ಲಿಲ್ಲ, ಜನ ಮಾಡಿಕೊಂಡ ಒಪ್ಪಂದದಲ್ಲಿದೆ.

ಒಪ್ಪಂದವೆಂದ ಮೇಲೆ ಯಾರಿಗೋ ಒಂದಿಷ್ಟು ತೊಂದರೆ ಇದ್ದೇ ಇರುತ್ತದೆ. ಗುಜರಾತಿನ ದ್ವಾರಕೆ 69 ಡಿಗ್ರಿಯಲ್ಲಿ, ಅರುಣಾಚಲದ ಡಾಂಗ್ ಎಂಬ ಹಳ್ಳಿ 97ರಲ್ಲಿ. ಕಡ್ಡಿ ನೆಟ್ಟು ತಿರುಗಿಸಿ ನೋಡಿದರೆ ಎರಡೂ ಕಡೆಯ ಮಧ್ಯಾಹ್ನಕ್ಕೆ ಹೆಚ್ಚುಕಡಿಮೆ ಎರಡು ಗಂಟೆಯ ಅಂತರ, ಗಡಿಯಾರ ಮಾತ್ರ ಒಂದೇ. ಅಸ್ಸಾಮಿನ ಚಹಾ ತೋಟಗಳವರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ತೋಟದ ಗಡಿಯಾರವನ್ನು ದೇಶದ್ದಕ್ಕಿಂತ ಒಂದು ಗಂಟೆ ಮುಂದಿಟ್ಟು, ಅದನ್ನು ಬಾಗಾನ್ ಟೈಮ್ ಎನ್ನುತ್ತಾರೆ.

ನಮ್ಮ ಗಡಿಯಾರ 33 ನಿಮಿಷ ಮುಂದಿದೆ ಎಂದದ್ದನ್ನು ಮಕ್ಕಳು ಸುಮ್ಮನೆ ನಂಬಬೇಕಿಲ್ಲ. ಡಿಸೆಂಬರ್ ಕೊನೆಯಲ್ಲಿ ಮೈದಾನದಲ್ಲಿ ಒಂದು ಮೀಟರ್ ಕೋಲು ನೆಟ್ಟೆವು. ಅತಿ ಗಿಡ್ಡ ನೆರಳು ಯಾವಾಗ ಎಂದು ನೋಡುತ್ತ ಕೂತರೆ ಸೋಲುತ್ತೀರಿ. ಮಧ್ಯಾಹ್ನದ ಆಚೀಚೆ ಕಾಲು ಗಂಟೆಯಲ್ಲಿ ನೆರಳು ಬದಲಾಗುವುದು ಅರ್ಧ ಸೆಂ.ಮೀ. ಮಾತ್ರ. ಅದರ ಬದಲು ಹನ್ನೊಂದೂವರೆಗೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡದಿಂದ ಅಷ್ಟೇ ಉದ್ದದ ದಾರ ಹಿಡಿದು ನೆಲದ ಮೇಲೆ ವೃತ್ತ ಕೊರೆದೆವು. ಬಿಸಿಯೂಟ ಮುಗಿಸಿ ಬಂದು ಕಾದೆವು. ನೆರಳು ಬೆಳೆಯುತ್ತ ಮತ್ತೆ ವೃತ್ತ ಮುಟ್ಟಿದ್ದು 1 ಗಂಟೆ 36 ನಿಮಿಷಕ್ಕೆ. ಎರಡರ ನಡುವಿನ ಹೊತ್ತು 12 ಗಂಟೆ 33 ನಿಮಿಷ.

ವರ್ಷವಿಡೀ ಹೀಗೆ ಸರಿಯಾಗಿ ಬರುವುದಿಲ್ಲ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಹೋಗುವುದಿಲ್ಲ, ಜೊತೆಗೆ ವಾಲಿಕೊಂಡೂ ಇದೆ. ಹೀಗಾಗಿ ನವೆಂಬರ್ ಮೊದಲ ವಾರ ಹದಿನಾರು ನಿಮಿಷ ಬೇಗ, ಫೆಬ್ರವರಿ ನಡುವಿನಲ್ಲಿ ಹದಿನಾಲ್ಕು ನಿಮಿಷ ತಡ. ಡಿಸೆಂಬರ್ ಕೊನೆ, ಏಪ್ರಿಲ್ ನಡುಭಾಗ, ಜೂನ್ ನಡುಭಾಗ, ಸೆಪ್ಟೆಂಬರ್ ಆರಂಭ, ಈ ನಾಲ್ಕು ಹೊತ್ತಿನಲ್ಲಿ ಕೋಲು ನೆಟ್ಟರೆ ಲೆಕ್ಕ ಕೂಡುತ್ತದೆ. ಕರಾವಳಿಯವರು ಜೂನನ್ನು ಮರೆತುಬಿಡಿ, ಆಗ ನಮ್ಮಲ್ಲಿ ನೆರಳೇ ಇರುವುದಿಲ್ಲ, ಮಳೆ.

ಅದೇ ವಾರ ರಜೆಯ ದಿನ ಹುಡುಗಿಯ ಅಪ್ಪ ದುಬೈಯಲ್ಲಿ ಕೋಣೆಯ ಹೊರಗೆ ನೀರಿನ ಬಾಟಲಿ ಇಟ್ಟು ಇದನ್ನೇ ಮಾಡಿದರಂತೆ. ಅವರ ಮಧ್ಯಾಹ್ನ ಬಂದದ್ದು ಅಲ್ಲಿನ ಗಡಿಯಾರದ 12 ಗಂಟೆ 15 ನಿಮಿಷಕ್ಕೆ. 12:19 ಬರಬೇಕಿತ್ತು. "ಬಾಟಲಿ ದಪ್ಪ ಇತ್ತು ಅಕ್ಕೋರೇ, ನೆರಳಿನ ತುದಿ ಸರಿಯಾಗಿ ಕಾಣಲಿಲ್ಲವಂತೆ. ನಾಡಿದ್ದು ಕೋಲು ಇಡುತ್ತಾರಂತೆ" ಎಂದಳು.