ಟಿಕೆಟ್ ರದ್ದಾದ ಮೇಲೆ ಉಳಿಯುವ ಹಣ

ವಿಮಾನ ಟಿಕೆಟ್‌ನ ಮೇಲೆ ಕಾಣುವ ಒಟ್ಟು ಮೊತ್ತ ಒಬ್ಬರ ಜೇಬಿಗೇ ಹೋಗುವುದಿಲ್ಲ. ಮೂಲ ದರ ಮತ್ತು ಇಂಧನ ಶುಲ್ಕ ವಿಮಾನ ಸಂಸ್ಥೆಗೆ ಸೇರುತ್ತವೆ. ಬಳಕೆದಾರರ ಅಭಿವೃದ್ಧಿ ಶುಲ್ಕ, ಅಂದರೆ ಯುಡಿಎಫ್, ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಭದ್ರತಾ ಶುಲ್ಕ ಬೇರೆ, ಜಿಎಸ್‌ಟಿ ಬೇರೆ. ಇವೆಲ್ಲದರ ಮೇಲೆ, ಆನ್‌ಲೈನಿನಲ್ಲಿ ಬುಕ್ ಮಾಡಿದ್ದಕ್ಕೆ ಕನ್ವೀನಿಯನ್ಸ್ ಶುಲ್ಕ. ಟಿಕೆಟ್ ರದ್ದು ಮಾಡಿದಾಗ ಎಷ್ಟು ಹಣ ವಾಪಸ್ ಬರಬೇಕು ಎಂಬುದನ್ನು ತೀರ್ಮಾನಿಸುವುದು ಈ ವಿಂಗಡಣೆಯೇ.

ಬುಕಿಂಗ್ ಆ್ಯಪ್‌ಗಳು ಹೆಚ್ಚಾಗಿ ಮೂಲ ದರವನ್ನು ಒಂದು ಸಾಲಿನಲ್ಲಿ ತೋರಿಸಿ, ಮಿಕ್ಕಿದ್ದನ್ನೆಲ್ಲ ‘ತೆರಿಗೆ ಮತ್ತು ಶುಲ್ಕ’ ಎಂಬ ಒಂದೇ ಸಾಲಿಗೆ ತುಂಬುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿ. ಇಂಧನ ಶುಲ್ಕ ತೆರಿಗೆಯಲ್ಲ, ಅದು ದರದ್ದೇ ಭಾಗ. ಕನ್ವೀನಿಯನ್ಸ್ ಶುಲ್ಕವೂ ತೆರಿಗೆಯಲ್ಲ. ಆ ಸಾಲನ್ನು ಒತ್ತಿ ಬಿಡಿಸಿ ನೋಡಬೇಕು, ಇಲ್ಲವೇ ಇ-ಟಿಕೆಟ್ ತೆರೆಯಬೇಕು. ಕೆಲವು ಟಿಕೆಟ್‌ಗಳಲ್ಲಿ ಬರೀ ಸಂಕೇತಾಕ್ಷರಗಳಿರುತ್ತವೆ: YQ ಎಂದರೆ ಸಾಮಾನ್ಯವಾಗಿ ಇಂಧನ ಶುಲ್ಕ, K3 ಎಂದರೆ ಜಿಎಸ್‌ಟಿ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ ವಿಮಾನ ಸಂಸ್ಥೆ ವಿಧಿಸುವ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಯುಡಿಎಫ್ ಮತ್ತು ಭದ್ರತಾ ಶುಲ್ಕವನ್ನು ಹಿಂದಿರುಗಿಸಲೇಬೇಕು. ಮೂಲ ದರ ವಾಪಸ್ ಇಲ್ಲವೆಂದು ಮಾರಿದ ರಿಯಾಯಿತಿ ಟಿಕೆಟ್‌ಗೂ ಈ ಮಾತು ಅನ್ವಯಿಸುತ್ತದೆ. ಕಾರಣ ಸರಳ: ಪ್ರಯಾಣವೇ ನಡೆಯದಿದ್ದರೆ ನಿಲ್ದಾಣಕ್ಕೆ ಕೊಡಬೇಕಾದ ಹಣವನ್ನು ವಿಮಾನ ಸಂಸ್ಥೆ ಇಟ್ಟುಕೊಳ್ಳಲು ಆಧಾರವಿಲ್ಲ.

ಒಂದು ಲೆಕ್ಕ ನೋಡೋಣ. ಬೆಂಗಳೂರಿನಿಂದ ದೆಹಲಿಗೆ ಎಕಾನಮಿ ಟಿಕೆಟ್, ಒಟ್ಟು 4,200 ರೂಪಾಯಿ ಎಂದುಕೊಳ್ಳೋಣ. ಮೂಲ ದರ 2,600, ಇಂಧನ ಶುಲ್ಕ 400. ಎರಡೂ ಸೇರಿ 3,000. ಅದರ ಮೇಲೆ ಶೇ 5ರಂತೆ ಜಿಎಸ್‌ಟಿ 150. ಭದ್ರತಾ ಶುಲ್ಕ 236 (200 ರೂಪಾಯಿ, ಜೊತೆಗೆ ಶೇ 18 ಜಿಎಸ್‌ಟಿ), ಯುಡಿಎಫ್ 464, ಕನ್ವೀನಿಯನ್ಸ್ ಶುಲ್ಕ 350. ರದ್ದತಿ ಷರತ್ತು ಹೀಗಿದೆ: ‘3,500 ರೂಪಾಯಿ ಅಥವಾ ವಿಮಾನ ದರ, ಯಾವುದು ಕಡಿಮೆಯೋ ಅದು’. ಇಲ್ಲಿ ಕಡಿಮೆ 3,000, ಹಾಗಾಗಿ ದರವೆಲ್ಲ ಹೋಯಿತು. ರದ್ದತಿ ಶುಲ್ಕಕ್ಕೂ ಮೂಲ ಸೇವೆಯ ದರದಲ್ಲೇ ಜಿಎಸ್‌ಟಿ ಇರುವುದರಿಂದ ಆ 150 ಕೂಡ ಬರುವುದಿಲ್ಲ. ಕನ್ವೀನಿಯನ್ಸ್ ಶುಲ್ಕ ಸಾಮಾನ್ಯವಾಗಿ ವಾಪಸ್ ಇಲ್ಲ. ಉಳಿಯುವುದು 236 ಮತ್ತು 464, ಅಂದರೆ 700 ರೂಪಾಯಿ. ಏಜೆಂಟ್ ಜಾಲತಾಣದ ಮೂಲಕ ಬುಕ್ ಮಾಡಿದ್ದರೆ ಅದರ ಸೇವಾ ಶುಲ್ಕವೂ ಕಡಿತವಾಗಬಹುದು. ಅದು 300 ಆದರೆ ಕೈಗೆ ಬರುವುದು 400.

‘ವಾಪಸ್ ಸೊನ್ನೆ’ ಎಂಬ ಸಂದೇಶ ಬಂದರೆ ಮೊದಲು ಹುಡುಕಬೇಕಾದ್ದು ಈ 700 ಎಲ್ಲಿ ಹೋಯಿತೆಂಬುದನ್ನು. ವಿಮಾನ ತಪ್ಪಿಸಿಕೊಂಡವರು, ಅಂದರೆ ‘ನೋ-ಶೋ’ ಆದವರು, ಇದನ್ನೇ ಹೆಚ್ಚು ಕಳೆದುಕೊಳ್ಳುತ್ತಾರೆ. ದರ ಮುಳುಗಿತು ಎಂದು ಕೈಬಿಡುತ್ತಾರೆ, ನಿಲ್ದಾಣದ ಶುಲ್ಕವನ್ನು ಕೇಳುವುದೇ ಇಲ್ಲ. ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಪಿಎನ್‌ಆರ್ ಕೊಟ್ಟು ಕೇಳಿ ಪಡೆಯಬೇಕಾಗಬಹುದು. ಹಣದ ಬದಲು ಮುಂದಿನ ಪ್ರಯಾಣಕ್ಕೆಂದು ‘ಕ್ರೆಡಿಟ್ ಶೆಲ್’ನಲ್ಲಿ ಇಡುವ ಆಯ್ಕೆ ಪ್ರಯಾಣಿಕರದ್ದು, ಸಂಸ್ಥೆಯದ್ದಲ್ಲ. ವಿಮಾನ ಸಂಸ್ಥೆಯೇ ಹಾರಾಟವನ್ನು ರದ್ದು ಮಾಡಿದರಂತೂ ರದ್ದತಿ ಶುಲ್ಕದ ಪ್ರಶ್ನೆಯೇ ಬರುವುದಿಲ್ಲ: ಬದಲಿ ವಿಮಾನ ಇಲ್ಲವೇ ಪೂರ್ತಿ ಹಣ.

ಬಸ್ಸಿನ ಲೆಕ್ಕ ಇಷ್ಟು ಸಿಕ್ಕಿಲ್ಲ. ಅಲ್ಲಿ ಮುಖ್ಯವಾದದ್ದು ಗಡಿಯಾರ. ಹೊರಡುವ ಹೊತ್ತು ಹತ್ತಿರವಾದಂತೆ ಕಡಿತದ ಶೇಕಡಾವಾರು ಏರುತ್ತದೆ, ಆ ಪಟ್ಟಿ ಟಿಕೆಟ್‌ನಲ್ಲೇ ಇರುತ್ತದೆ. ಕೆಎಸ್‌ಆರ್‌ಟಿಸಿಯಲ್ಲಿ ಮುಂಗಡ ಕಾಯ್ದಿರಿಸುವಿಕೆಯ ಶುಲ್ಕ ವಾಪಸ್ ಬರುವುದಿಲ್ಲ. ಖಾಸಗಿ ಬಸ್ಸುಗಳ ನಿಯಮವನ್ನು ಆಯಾ ಮಾಲೀಕರು ಮಾಡುತ್ತಾರೆ. ಹೀಗಾಗಿ ಒಂದೇ ಆ್ಯಪ್‌ನಲ್ಲಿ, ಒಂದೇ ಊರಿಗೆ ಹೋಗುವ ಎರಡು ಬಸ್ಸುಗಳಿಗೆ ಎರಡು ಬಗೆಯ ಕಡಿತ ಇರಬಹುದು. ಸೀಟು ಆರಿಸುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.

ರದ್ದು ಮಾಡುವ ಮುನ್ನ ವಿಂಗಡಣೆಯ ಪುಟವನ್ನೂ ‘ನಿಮಗೆ ಬರುವ ಹಣ’ ಎಂದು ತೋರಿಸುವ ಪುಟವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ರದ್ದಾದ ಮೇಲೆ ಎರಡನೆಯದು ಮತ್ತೆ ಸಿಗದಿರಬಹುದು. ಲೆಕ್ಕ ತಾಳೆಯಾಗದಿದ್ದರೆ ಮೊದಲು ಸಂಸ್ಥೆಗೆ ಬರೆದು ದೂರಿನ ಸಂಖ್ಯೆ ಪಡೆಯಬೇಕು. ಅಲ್ಲಿ ಕೆಲಸವಾಗದಿದ್ದರೆ ವಿಮಾನ ಪ್ರಯಾಣಿಕರಿಗೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣವಿದೆ. ಬಸ್ಸಿನವರೂ ವಿಮಾನದವರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.