ನಾಲ್ಕು ಪದರಗಳಲ್ಲಿ ಇಆರ್‌ಪಿ ಎಲ್ಲಿ ಕೂರುತ್ತದೆ?

1970ರ ದಶಕದಲ್ಲಿ ಐಬಿಎಂ ಕಂಪನಿಯವರು ತಮ್ಮ ದೊಡ್ಡ ಗ್ರಾಹಕರ ಮುಂದೆ ಒಂದು ಕೋಷ್ಟಕ ಹರಡುತ್ತಿದ್ದರು. ಎಡಗಡೆ ಸಂಸ್ಥೆ ಮಾಡುವ ಕೆಲಸಗಳ ಪಟ್ಟಿ, ಮೇಲುಗಡೆ ಆ ಕೆಲಸಗಳಿಗೆ ಬೇಕಾದ ಮಾಹಿತಿಯ ಪಟ್ಟಿ. ಒಂದು ಕೆಲಸ ಒಂದು ಮಾಹಿತಿಯನ್ನು ಹುಟ್ಟಿಸಿದರೆ ಆ ಮನೆಯಲ್ಲಿ ‘ಸಿ’, ಬರೀ ಬಳಸಿದರೆ ‘ಯು’. ಬಿಸಿನೆಸ್ ಸಿಸ್ಟಮ್ಸ್ ಪ್ಲಾನಿಂಗ್ ಎಂಬ ಈ ವಿಧಾನಕ್ಕೆ ಒಂದು ಕಟ್ಟುನಿಟ್ಟು ಇತ್ತು: ಯಾವ ಮಾಹಿತಿಯೇ ಆಗಲಿ, ಅದು ಹುಟ್ಟುವುದು ಒಂದೇ ಕಡೆ ಆಗಿರಬೇಕು.

ಆವರೆಗೆ ಸಂಬಳದ ಪ್ರೋಗ್ರಾಂಗೆ ಅದರದೇ ಫೈಲು, ಉಗ್ರಾಣದ ಪ್ರೋಗ್ರಾಂಗೆ ಅದರದೇ ಫೈಲು ಇರುತ್ತಿತ್ತು. ಪ್ರೋಗ್ರಾಂ ಎಂದರೂ ಮಾಹಿತಿ ಎಂದರೂ ಒಂದೇ ಗಂಟು. ಕೋಷ್ಟಕ ಆ ಗಂಟನ್ನು ಬಿಚ್ಚಿತು. ಮಾಡುವ ಕೆಲಸ ಬೇರೆ, ಅದಕ್ಕೆ ಬೇಕಾದ ಮಾಹಿತಿ ಬೇರೆ, ಎರಡನ್ನೂ ಸೇರಿಸುವ ಪ್ರೋಗ್ರಾಂ ಬೇರೆ ಎಂಬುದು ಮೊದಲ ಸಲ ಕಣ್ಣಿಗೆ ಕಾಣುವ ಹಾಗಾಯಿತು. ಬಿಸಿನೆಸ್, ಡೇಟಾ, ಅಪ್ಲಿಕೇಶನ್, ಟೆಕ್ನಾಲಜಿ ಎಂಬ ನಾಲ್ಕು ಪದರಗಳ ಪೈಕಿ ಮೇಲಿನ ಮೂರರ ಹುಟ್ಟು ಇಲ್ಲೇ ಎಂದು ನಾನು ಎಣಿಸುತ್ತೇನೆ.

ಆ ಕೋಷ್ಟಕವನ್ನು ನಮ್ಮೂರಿನ ಒಂದು ಕಾರ್ಖಾನೆಯ ಮೇಲೆ ಇಟ್ಟು ನೋಡೋಣ. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಶುರುವಾದದ್ದು. ಹಳಬರ ಬಾಯಲ್ಲಿ ಅದು ಇನ್ನೂ ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಗುಜರಿ ಉಕ್ಕು ವಿದ್ಯುತ್ ಕುಲುಮೆಯಲ್ಲಿ ಕರಗುತ್ತದೆ. ಕರಗಿದ ಉಕ್ಕು ಒತ್ತಡದಿಂದ ಗ್ರಾಫೈಟ್ ಮೋಲ್ಡಿಗೆ ಏರಿ ಗಾಲಿಯಾಗುತ್ತದೆ. ಇನ್ನೊಂದು ಕಡೆ ಆಕ್ಸಲ್ ಫೋರ್ಜ್ ಆಗುತ್ತದೆ. ಕೊನೆಗೆ ಒಂದು ಆಕ್ಸಲಿಗೆ ಎರಡು ಗಾಲಿಯನ್ನು ಒತ್ತಿ ಕೂರಿಸಿದರೆ ವೀಲ್‌ಸೆಟ್. ಇಷ್ಟೂ ಬಿಸಿನೆಸ್ ಪದರ. ಕಂಪ್ಯೂಟರಿನ ಸುದ್ದಿ ಇಲ್ಲಿ ಇನ್ನೂ ಬಂದೇ ಇಲ್ಲ.

ಡೇಟಾ ಪದರದಲ್ಲಿ ಕೇಳಬೇಕಾದ ಪ್ರಶ್ನೆ: ಯಾವುದಕ್ಕೆ ಗುರುತು ಬೇಕು? ಕುಲುಮೆಯಿಂದ ಒಂದು ಸಲಕ್ಕೆ ಇಳಿಯುವ ಉಕ್ಕಿಗೆ ‘ಹೀಟ್’ ಎನ್ನುತ್ತಾರೆ. ಇಂಗಾಲ ಎಷ್ಟು, ಗಂಧಕ ಎಷ್ಟು ಎಂಬ ರಾಸಾಯನಿಕ ಪರೀಕ್ಷೆ ನಡೆಯುವುದು ಹೀಟಿಗೆ. ಒಳಗೆ ಬಿರುಕಿದೆಯೇ ಎಂಬ ಅಲ್ಟ್ರಾಸಾನಿಕ್ ಪರೀಕ್ಷೆ ಒಂದೊಂದು ಗಾಲಿಗೂ. ಹಾಗಾಗಿ ಹೀಟ್, ಗಾಲಿ, ಆಕ್ಸಲ್, ವೀಲ್‌ಸೆಟ್ ನಾಲ್ಕಕ್ಕೂ ಬೇರೆ ಬೇರೆ ಗುರುತು ಬೇಕು, ಒಂದರಿಂದ ಇನ್ನೊಂದಕ್ಕೆ ಕೊಂಡಿಯೂ ಬೇಕು. ಇವನ್ನು ಬರೆದಿಡುವ ಪ್ರೋಗ್ರಾಂಗಳು ಅಪ್ಲಿಕೇಶನ್ ಪದರ. ಅವು ಓಡುವ ಸರ್ವರ್, ನೆಟ್‌ವರ್ಕ್, ಡೇಟಾಬೇಸ್ ಎಲ್ಲ ಟೆಕ್ನಾಲಜಿ ಪದರ.

ಪದರಗಳಿಗೆ ಹೆಸರು ನಿಂತದ್ದು ನಿಧಾನವಾಗಿ. ಐಬಿಎಂನಲ್ಲೇ ಇದ್ದ ಜಾನ್ ಜಾಕ್‌ಮನ್ 1987ರಲ್ಲಿ ಆ ಕಂಪನಿಯ ಪತ್ರಿಕೆಯಲ್ಲಿ ತಮ್ಮ ಚೌಕಟ್ಟನ್ನು ಪ್ರಕಟಿಸಿದರು. ಏನು, ಹೇಗೆ, ಎಲ್ಲಿ ಎಂಬ ಮೂರು ಕಂಬಗಳು ಅದರಲ್ಲಿದ್ದವು. 1992ರಲ್ಲಿ ಸ್ಟೀವನ್ ಸ್ಪೀವಾಕ್ ಅನುಕ್ರಮವನ್ನು ಹೇಳಿದರು: ಮೊದಲು ವ್ಯವಹಾರವನ್ನು ತಿಳಿ, ಆಮೇಲೆ ಮಾಹಿತಿ, ಆಮೇಲೆ ಪ್ರೋಗ್ರಾಂ, ಕೊನೆಗೆ ಯಂತ್ರ. ಟೋಗಾಫ್ ಮಾತ್ರ ಕೆಳಗಿನಿಂದ ಹತ್ತಿ ಬಂತು. ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ್ದ ತಾಂತ್ರಿಕ ಚೌಕಟ್ಟನ್ನು ಆಧಾರವಾಗಿಟ್ಟುಕೊಂಡು 1995ರಲ್ಲಿ ಅದರ ಮೊದಲ ಆವೃತ್ತಿ ಬಂತು. ಅದರ ಗಮನವೆಲ್ಲ ಟೆಕ್ನಾಲಜಿ ಪದರದ ಮೇಲೆ. ನಾಲ್ಕೂ ಪದರ ಅದರೊಳಗೆ ಸೇರಿದ್ದು 2002ರ ಎಂಟನೇ ಆವೃತ್ತಿಯಲ್ಲಿ.

ಇತ್ತ ಇನ್ನೊಂದು ದಾರಿಯಲ್ಲಿ ಇಆರ್‌ಪಿ ಬೆಳೆದು ನಿಂತಿತ್ತು. ಆ ಹೆಸರನ್ನು ಗಾರ್ಟ್ನರ್ ಸಂಸ್ಥೆ 1990ರಲ್ಲಿ ಬಳಕೆಗೆ ತಂದಿತು. ಎರಡು ವರ್ಷಕ್ಕೆ ಎಸ್‌ಎಪಿ ಕಂಪನಿಯ ಆರ್/3 ಬಂತು. ಪದರಗಳ ಚಿತ್ರ ಬರೆಯುವವರು ಇದನ್ನು ಅಪ್ಲಿಕೇಶನ್ ಪದರದ ಒಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದರು. ಇವತ್ತಿಗೂ ಹೆಬ್ಬಾಳ, ನಾಗವಾರದ ಟೆಕ್ ಪಾರ್ಕುಗಳಲ್ಲಿ ತೋರಿಸುವ ಎಷ್ಟೋ ಸ್ಲೈಡುಗಳಲ್ಲಿ ಅದು ಅಲ್ಲೇ ಕೂತಿರುತ್ತದೆ. ಆದರೆ ಇಆರ್‌ಪಿ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಖರೀದಿ ಹೀಗೆ ನಡೆಯಬೇಕು ಎಂಬ ಕ್ರಮವನ್ನು ಅದು ಜೊತೆಗೇ ತರುತ್ತದೆ. ಸಾಮಗ್ರಿ ಎಂದರೇನು, ಬ್ಯಾಚ್ ಎಂದರೇನು ಎಂಬ ತೀರ್ಮಾನವೂ ಅದರ ಟೇಬಲ್‌ಗಳಲ್ಲಿ ಮೊದಲೇ ಆಗಿರುತ್ತದೆ. ಥಾಮಸ್ ಡ್ಯಾವೆನ್‌ಪೋರ್ಟ್ 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದನ್ನೇ ಬಿಡಿಸಿ ಬರೆದರು: ಇಂಥ ಪ್ಯಾಕೇಜು ತನ್ನದೇ ತರ್ಕವನ್ನು ಸಂಸ್ಥೆಯ ಮೇಲೆ ಹೇರುತ್ತದೆ.

ಅದರ ಪರಿಣಾಮ ಯಲಹಂಕದಂಥ ಕಾರ್ಖಾನೆಯಲ್ಲಿ ಹೇಗಿರಬಹುದು ಎಂದು ಒಂದು ಲೆಕ್ಕ ಹಾಕೋಣ. ಒಂದು ಹೀಟಿನಲ್ಲಿ 40 ಗಾಲಿ ಬಂದವು ಎಂದಿಟ್ಟುಕೊಳ್ಳಿ. ಇಆರ್‌ಪಿಯಲ್ಲಿ ಹೀಟನ್ನು ‘ಬ್ಯಾಚ್’ ಮಾಡುವುದು ಸುಲಭ: ಬ್ಯಾಚ್ ಒಂದು, ಪ್ರಮಾಣ 40. ಜೋಡಣೆ ವಿಭಾಗದವರು ಆ ಬ್ಯಾಚಿನಿಂದ ಒಂದು, ಬೇರೆ ಬ್ಯಾಚಿನಿಂದ ಒಂದು ಗಾಲಿ ತೆಗೆದು ಒಂದು ಆಕ್ಸಲಿಗೆ ಕೂರಿಸಿದರು. ಉಗ್ರಾಣದ ಲೆಕ್ಕದಲ್ಲಿ ಎರಡು ಬ್ಯಾಚಿನಲ್ಲೂ ಒಂದೊಂದು ಕಡಿಮೆಯಾಯಿತು. ತಿಂಗಳ ಕೊನೆಗೆ ದಾಸ್ತಾನು ಸರಿ, ಹಣದ ಲೆಕ್ಕವೂ ಸರಿ, ಎಲ್ಲರಿಗೂ ಸಮಾಧಾನ. ಎರಡು ವರ್ಷ ಕಳೆದ ಮೇಲೆ ಆ ಹೀಟಿನ ಮೇಲೆ ಸಂಶಯ ಬಂತು ಎನ್ನಿ. ಆ 40 ಗಾಲಿಗಳು ಯಾವ ವೀಲ್‌ಸೆಟ್‌ಗಳಲ್ಲಿವೆ? ಗಾಲಿಗೆ ಸೀರಿಯಲ್ ನಂಬರ್ ಕೊಟ್ಟು, ಜೋಡಣೆಯ ಹೊತ್ತಿನಲ್ಲಿ ಅದನ್ನು ವೀಲ್‌ಸೆಟ್ ನಂಬರಿಗೆ ಕಟ್ಟಿರದಿದ್ದರೆ ಇಆರ್‌ಪಿ ಉತ್ತರ ಹೇಳಲಾರದು. ಗಾಲಿಯ ಮೈಮೇಲಿನ ಗುರುತನ್ನು ಒಂದೊಂದಾಗಿ ಹೋಗಿ ಓದಬೇಕು.

ಇಲ್ಲಿ ತಪ್ಪು ಪ್ಯಾಕೇಜಿನದಲ್ಲ. ಬ್ಯಾಚು, ಸೀರಿಯಲ್ ಎರಡನ್ನೂ ಒಟ್ಟಿಗೆ ಇಡುವ ಅನುಕೂಲ ದೊಡ್ಡ ಇಆರ್‌ಪಿಗಳಲ್ಲಿದೆ. ಗಾಲಿಯೊಂದು ಬಿಡಿ ವಸ್ತುವೋ, ಪ್ರಮಾಣದ ಒಂದು ಅಂಶವೋ ಎಂಬ ಡೇಟಾ ಪದರದ ಪ್ರಶ್ನೆಯನ್ನು ಕೇಳದೆ, ಸ್ಕ್ರೀನಿನಲ್ಲಿ ಯಾವ ಖಾನೆ ಕಡ್ಡಾಯ ಎಂಬುದರಿಂದಲೇ ಉತ್ತರ ತೆಗೆದುಕೊಂಡದ್ದು ತಪ್ಪು. ಇದನ್ನು ಕೊಳ್ಳುವ ಮೊದಲೇ ಪತ್ತೆ ಹಚ್ಚಬಹುದು. ಡೆಮೊ ತೋರಿಸಲು ಬಂದವರಿಗೆ ಒಂದು ಹೀಟ್ ನಂಬರ್ ಕೊಟ್ಟು, ಅದರ ಗಾಲಿಗಳಿರುವ ವೀಲ್‌ಸೆಟ್‌ಗಳ ಪಟ್ಟಿ ಕೇಳಬೇಕು. ‘ಅದು ರಿಪೋರ್ಟ್, ಆಮೇಲೆ ಮಾಡಿಕೊಡುತ್ತೇವೆ’ ಎಂದರೆ ಎಚ್ಚರವಾಗಬೇಕು. ಕೊಂಡಿಯೇ ದಾಖಲಾಗದಿದ್ದರೆ ಯಾವ ರಿಪೋರ್ಟೂ ಅದನ್ನು ಹುಟ್ಟಿಸಲಾರದು.

ಟೋಗಾಫ್ ಈ ತೊಡಕಿಗೆ ಕಂಡುಕೊಂಡ ದಾರಿ ನನಗೆ ಒಪ್ಪಿಗೆಯಾದದ್ದು. ಅದು ಇಟ್ಟಿಗೆಗಳನ್ನು ಎರಡು ಬಗೆಯಾಗಿ ನೋಡುತ್ತದೆ. ‘ಗಾಲಿಯ ಜಾಡು ಹಿಡಿಯುವುದು’ ಎಂಬಂತೆ ಏನು ಬೇಕೆಂದು ಹೇಳುವುದು ಆರ್ಕಿಟೆಕ್ಚರ್ ಬಿಲ್ಡಿಂಗ್ ಬ್ಲಾಕ್. ಅದನ್ನು ಮಾಡಿಕೊಡುವ, ಕೊಂಡು ತರಬಹುದಾದ ವಸ್ತು ಸೊಲ್ಯೂಷನ್ ಬಿಲ್ಡಿಂಗ್ ಬ್ಲಾಕ್. ಇಆರ್‌ಪಿ ಎರಡನೆಯ ಬಗೆಯದು: ನಾಲ್ಕೂ ಪದರಗಳ ಹಲವು ಬೇಡಿಕೆಗಳನ್ನು ಒಂದೇ ಏಟಿಗೆ ತುಂಬುವ ಸಿದ್ಧ ವಸ್ತು. ಟೋಗಾಫಿನ ಹಂತಗಳಲ್ಲಿ ಬಿ ವ್ಯವಹಾರಕ್ಕೆ, ಸಿ ಡೇಟಾ ಮತ್ತು ಅಪ್ಲಿಕೇಶನ್‌ಗೆ, ಡಿ ಟೆಕ್ನಾಲಜಿಗೆ. ಪರಿಹಾರಗಳನ್ನು ಹೊಂದಿಸಿ ನೋಡುವ ಹಂತ ಇ. ಪ್ಯಾಕೇಜಿನ ಹೆಸರು ಬರಬೇಕಾದ ಸಹಜ ಜಾಗ ಅದು.

ಆದರೂ ಟೋಗಾಫ್ ಹಟ ಹಿಡಿಯುವುದಿಲ್ಲ. ಸಿ ಹಂತದಲ್ಲಿ ಸ್ಪೀವಾಕ್ ಹೇಳಿದಂತೆ ಡೇಟಾದಿಂದ ಹೊರಡಬಹುದು. ಕೆಲವು ಸಂಸ್ಥೆಗಳು ಇಆರ್‌ಪಿಯಂಥ ಮುಖ್ಯ ಅಪ್ಲಿಕೇಶನ್ನನ್ನೇ ನಡುವೆ ನಿಲ್ಲಿಸಿ ಉಳಿದದ್ದನ್ನು ಅದರ ಸುತ್ತ ಹೊಂದಿಸುತ್ತವೆ ಎಂಬುದನ್ನೂ ಒಪ್ಪುತ್ತದೆ. ಇಂಥ ಅಪ್ಲಿಕೇಶನ್‌ಗಳು ತಾಂತ್ರಿಕ ತಳಹದಿಯನ್ನೂ ವ್ಯವಹಾರದ ತರ್ಕವನ್ನೂ ಬೆರೆಸಿಕೊಂಡೇ ಬರುತ್ತವೆ ಎಂದು ಅದರಲ್ಲೇ ಬರೆದಿದೆ. ಲೆಕ್ಕಪತ್ರ, ಸಂಬಳ, ಖರೀದಿಗಳಿಗೆ ಪ್ಯಾಕೇಜಿನಿಂದಲೇ ಹೊರಟರೆ ನಷ್ಟವೇನಿಲ್ಲ. ಅವು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ. ಗಾಲಿಯ ಜಾಡಿನಂಥ, ಆ ಕಾರ್ಖಾನೆಗೇ ಸೇರಿದ ವಿಷಯಕ್ಕೆ ಡೇಟಾದಿಂದಲೇ ಹೊರಡಬೇಕು.

ಪ್ಯಾಕೇಜಿನಿಂದ ಹೊರಟವರಿಗೆ ಡಿ ಹಂತದಲ್ಲಿ ಆಯ್ಕೆಯೂ ಕಿರಿದಾಗುತ್ತದೆ. ಆರ್/3 ಹಲವು ಕಂಪನಿಗಳ ಡೇಟಾಬೇಸ್‌ಗಳ ಮೇಲೆ ಓಡುತ್ತಿತ್ತು. 2015ರಲ್ಲಿ ಬಂದ ಎಸ್/4ಹಾನಾ ಓಡುವುದು ಎಸ್‌ಎಪಿಯದೇ ಹಾನಾ ಡೇಟಾಬೇಸ್ ಮೇಲೆ ಮಾತ್ರ. ಅದನ್ನು ಆರಿಸಿದ ದಿನವೇ ಕೆಳಗಿನ ಪದರದ ಒಂದು ದೊಡ್ಡ ತೀರ್ಮಾನವೂ ಆಗಿಹೋಗಿರುತ್ತದೆ. ಆದ್ದರಿಂದ ಆಯ್ಕೆಯ ಸಭೆಯಲ್ಲಿ ಲೆಕ್ಕಪತ್ರದವರ ಪಕ್ಕದಲ್ಲಿ ಡೇಟಾಬೇಸ್ ನೋಡಿಕೊಳ್ಳುವವರೂ ಹೀಟ್ ನಂಬರ್ ಬರೆಯುವವರೂ ಕೂತಿರಬೇಕು.